ನಾಲ್ಕನೆಯ ಪಾಠದ ಅತಿಥಿ

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದ ದಿನ ನಾನು ದೂರದ ಊರಿನ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ಫೋನು ಮಾಡಿದವರು ಅವನು ಪಾಠ ಹೇಳುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ.

“ಮೇಷ್ಟ್ರೇ, ಧೈರ್ಯ ತಂದ್ಕೊಳ್ಳಿ. ನಿಮ್ಮ ತಮ್ಮ ಹೋಗ್ಬಿಟ್ರು. ಬೆಳಿಗ್ಗೆ ಮನೇಲೇ, ಶಾಲೆಗೆ ಹೊರಡೋಕೆ ಶೂ ಹಾಕ್ಕೊಳ್ತಾ ಇದ್ರಂತೆ.” ಆಮೇಲೆ ಸೇರಿಸಿದರು: “ಒಂಬತ್ತನೇ ತರಗತಿಯ ಘಟಕ ಇನ್ನೂ ಮುಗಿದಿರ್ಲಿಲ್ಲ.”

ನನ್ನ ದನಿ ಕೇಳಿ ನರ್ಸಮ್ಮ ಓಡಿ ಬಂದಳು. “ಅಜ್ಜ, ಅಳ್ಬೇಡಿ. ಕಣ್ಣಿಗೆ ಒಳ್ಳೇದಲ್ಲ.”

“ಇನ್ನೊಂದು ಕಣ್ಣಿಂದ ಅಳಬಹುದೇನಮ್ಮ?”

ಅವಳು ಡಾಕ್ಟರರನ್ನು ಕೇಳಿಕೊಂಡು ಬಂದು, “ಅದೂ ಬೇಡವಂತೆ,” ಎಂದಳು.

ನಾನು ಊರು ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಶಾಲೆಯವರೇ ನಿಂತು ಮಾಡಿದ್ದರು. ಅವರ ಋಣ ದೊಡ್ಡದು. ಆದರೆ ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದುಬಂದದ್ದು ಒಂದಿದೆ. ಹೋದವರಿಗಾಗಿ ಮನೆಯ ಹಿರಿಯನು ನಾಲ್ಕು ಜನರ ಎದುರಿಗೆ, ಬಾಯಿಬಿಟ್ಟು, ದೇವರಲ್ಲಿ ಶಾಂತಿ ಬೇಡಬೇಕು. ಕೇಳುವವರು ಜೊತೆಗೂಡಬೇಕೆಂದಿಲ್ಲ, ಕೇಳಿದರೆ ಸಾಕು. ಒಬ್ಬನೇ ಕೋಣೆಯಲ್ಲಿ ಕೂತು ಬೇಡಿದರೆ ಅದು ನನ್ನ ಸಮಾಧಾನಕ್ಕಾಯಿತೇ ಹೊರತು ಅವನಿಗೆ ಸಲ್ಲುವುದಿಲ್ಲ. ಅವನಿಗೆ ಹೆಂಡತಿ ಮಕ್ಕಳಿಲ್ಲ. ನನಗೆ ಅವನನ್ನು ಬಿಟ್ಟರೆ ಯಾರಿಲ್ಲ. ನಾಲ್ಕು ಜನರನ್ನು ಎಲ್ಲಿಂದ ತರಲಿ?

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಮನೆಗೆ ಬಂದರು. ನಾನೂ ಅದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. “ಸಮಾಜ ವಿಜ್ಞಾನಕ್ಕೆ ಬೇರೆ ಯಾರೂ ಇಲ್ಲ ಮೇಷ್ಟ್ರೇ. ಗುರುವಾರ ಪಾಠ ನೋಡೋಕೆ ಇಲಾಖೆಯ ಪರಿವೀಕ್ಷಕರು ಬರ್ತಾರೆ. ಕೊನೇ ಪಾಠ ಒಂದು ನೀವೇ ಮಾಡ್ಕೊಡಿ. ಪಾಠದ ಯೋಜನೆ ನಿಮ್ಮ ತಮ್ಮನೇ ಬರೆದಿಟ್ಟಿದ್ದಾರೆ, ಓದ್ಕೊಂಡು ಹೋದ್ರಾಯ್ತು.”

ಒಂದು ತರಗತಿಯ ತುಂಬ ಮಕ್ಕಳು, ಬೆಂಚಿನಲ್ಲಿ, ಎದ್ದುಹೋಗಲಾರದಂತೆ! ನಾನು ತಕ್ಷಣ ಒಪ್ಪಿಕೊಂಡೆ.

ಯೋಜನೆಯ ಹೆಸರು ‘ಬದುಕಿನ ಹೊಸ್ತಿಲುಗಳು: ಬೇರೆಬೇರೆ ಸಂಪ್ರದಾಯಗಳ ಸಂಸ್ಕಾರಗಳು’. ಜನನ, ಪ್ರಾಯಕ್ಕೆ ಬರುವುದು, ಮದುವೆ, ಮರಣ ಎಂದು ನಾಲ್ಕು ಪಾಠ. ಮದುವೆಯವರೆಗೆ ಅವನು ಮುಗಿಸಿದ್ದ. ನಾಲ್ಕನೆಯದಕ್ಕೆ ಸ್ವತಃ ಹೊರಟುಬಿಟ್ಟಿದ್ದ. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಶಿಕ್ಷಕರಿಗೆ ಎಚ್ಚರಿಕೆಯಿತ್ತು: ‘ಸಂಸ್ಕಾರಗಳ ವಿಷಯ ಕಲಿಸುತ್ತೇವೆ, ಸಂಸ್ಕಾರ ಮಾಡಿಸುವುದಿಲ್ಲ. ಪವಿತ್ರ ವಿಧಿಗಳನ್ನು ತರಗತಿಯಲ್ಲಿ ಅಭಿನಯಿಸಕೂಡದು. ಶಿಕ್ಷಕರು ತಮ್ಮ ನಂಬಿಕೆಯನ್ನು ಮುಂದಿಡಕೂಡದು, ಪ್ರಾರ್ಥನೆ ಕೂಡದು.’

ತನಗಾಗಿ ಮಾಡಬೇಕಾದ ಪ್ರಾರ್ಥನೆಗೆ ತಾನೇ ಅಡ್ಡಗಾಲು ಹಾಕಿ ಹೋಗಿದ್ದ, ನನ್ನ ತಮ್ಮ.

ಗುರುವಾರ ಮುಖ್ಯೋಪಾಧ್ಯಾಯಿನಿ ಇನ್ನೊಂದು ಏರ್ಪಾಡು ಮಾಡಿದ್ದರು. ಸಂತಾಪ ಸಭೆಗೆ ಬೇರೆ ಅವಧಿ ಸಿಗದ್ದರಿಂದ ಅದನ್ನೂ ಇದೇ ಪಾಠದೊಳಗೆ ಸೇರಿಸಿದ್ದರು. ಮೇಜಿನ ಮೇಲೆ ತಮ್ಮನ ಚಿತ್ರ. ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕರು. ಎಲ್ಲರೂ ಎದ್ದು ಮೌನವಾಗಿ ನಿಂತೆವು. ಕತ್ತೆತ್ತಿ ನೋಡಿದರೆ ಮಕ್ಕಳೆಲ್ಲ ಏನೋ ಬರೆಯುತ್ತಿದ್ದಾರೆ!

“ಏನ್ರೋ ಅದು?” ಎಂದರು ಮುಖ್ಯೋಪಾಧ್ಯಾಯಿನಿ.

“ವೀಕ್ಷಣಾ ಹಾಳೆ, ಮಿಸ್,” ಎಂದಳು ಮೊದಲ ಸಾಲಿನ ಹುಡುಗಿ. ಪ್ರತಿಯೊಂದಕ್ಕೂ ವಾದ ಹೂಡುವುದರಿಂದ ಇಡೀ ಶಾಲೆ ಅವಳನ್ನು ವಕೀಲೆ ಎಂದೇ ಕರೆಯುತ್ತದೆ. “ನಿಜವಾದ ಸಂಸ್ಕಾರ ಎಲ್ಲಾದ್ರೂ ನಡೆದ್ರೆ ಗೌರವದಿಂದ ಗಮನಿಸಿ ಬರೀರಿ ಅಂತ ನಮ್ಮ ಸರ್ ಮೊದಲೇ ಹೇಳಿದ್ರು. ಮಿಸ್, ಈಗ ಆಗಿದ್ದು ಬೇರ್ಪಡೋ ಹಂತಾನೋ, ನಡು ಹಂತಾನೋ?”

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. ನಾನು ಯೋಜನೆ ನೋಡಿ ವಿವರಿಸಿದೆ. ಪಂಡಿತರು ಇಂಥ ವಿಧಿಗಳಲ್ಲಿ ಮೂರು ಹಂತ ಕಾಣುತ್ತಾರೆ. ಮೊದಲು ಮನುಷ್ಯ ಹಳೆಯ ಸ್ಥಾನದಿಂದ ಬೇರ್ಪಡುತ್ತಾನೆ. ಆಮೇಲೆ ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ನಡುವೆ ಇರುತ್ತಾನೆ. ಕೊನೆಗೆ ಹೊಸ ಸ್ಥಾನದಲ್ಲಿ ಸೇರ್ಪಡೆಯಾಗುತ್ತಾನೆ. ಸತ್ತವರಿಗೆ ಮಾತ್ರವಲ್ಲ, ಉಳಿದವರಿಗೂ ಈ ಹಂತಗಳುಂಟು. ಯಹೂದಿ ಮನೆಗಳಲ್ಲಿ ಹತ್ತಿರದವರು ಏಳು ದಿನ ಮನೆಯಲ್ಲೇ ಕೂತು ದುಃಖಿಸುತ್ತಾರೆ, ಅನೇಕರು ಕನ್ನಡಿಗಳಿಗೆ ಬಟ್ಟೆ ಮುಚ್ಚುತ್ತಾರೆ; ಅದು ನಡು ಹಂತ. ಆಮೇಲೆ ಎದ್ದು ಹೊರಗೆ ಬರುತ್ತಾರೆ.

“ಹಾಗಾದ್ರೆ ನಮ್ಮ ಸಭೇಲಿ ಸೇರ್ಪಡೆ ಹಂತಾನೇ ಇಲ್ಲ ಮಿಸ್,” ಎಂದಳು ವಕೀಲೆ. ಹಿಂದಿನಿಂದ ಪರಿವೀಕ್ಷಕರೂ ತಲೆಯಾಡಿಸಿ, “ಹೌದು, ನಾನೂ ಅದನ್ನೇ ಬರೆದೆ,” ಎಂದರು. ಸಂತಾಪ ಸಭೆಗೆ ಮೂರರಲ್ಲಿ ಎರಡು ಅಂಕ ಬಂತು. ಮುಖ್ಯೋಪಾಧ್ಯಾಯಿನಿಯ ಮುಖ ಸಪ್ಪಗಾಯಿತು.

ಮಕ್ಕಳು ಗುಂಪು ಗುಂಪಾಗಿ ಕೂತು ಎರಡೆರಡು ಸಂಪ್ರದಾಯಗಳ ಅಂತ್ಯಸಂಸ್ಕಾರಗಳನ್ನು ಹೋಲಿಸತೊಡಗಿದರು. ಮುಸಲ್ಮಾನರ ಅಂತಿಮ ನಮಾಜಿನಲ್ಲಿ ಬಾಗುವುದಿಲ್ಲ, ನಿಂತೇ ಪ್ರಾರ್ಥಿಸುತ್ತಾರೆ ಎಂದು ಒಂದು ಗುಂಪು ಕಂಡುಕೊಂಡಿತು. ಇನ್ನೊಂದು ಗುಂಪಿನ ಹುಡುಗ ‘ವಿಚಿತ್ರ ಪದ್ಧತಿ’ ಎಂದು ಬರೆದಿದ್ದ, ಪಕ್ಕದವಳು ಗದರಿದಳು: “ಲೋ, ಗೌರವದ ಭಾಷೆಗೆ ಬೇರೆ ಅಂಕ ಇದೆ ಕಣೋ! ‘ಕೆಲವರು ಹೀಗೆ ನಂಬುತ್ತಾರೆ’ ಅಂತ ಬರಿ.”

ಅವಧಿ ಕರಗುತ್ತಿತ್ತು. ನನ್ನ ಎದೆಯಲ್ಲಿ ಪ್ರಾರ್ಥನೆ ಕುದಿಯುತ್ತಿತ್ತು. ತಡೆಯಲಾರದೆ ಚಿತ್ರದ ಕಡೆ ತಿರುಗಿ “ದೇವರೇ” ಎಂದೆ.

“ಸರ್!” ವಕೀಲೆ ಎದ್ದು ನಿಂತಳು. “ಕೆಂಪು ಶಾಯಿ, ಸರ್. ಯೋಜನೇನ ಅವರು ನಮಗೂ ಓದಿ ಹೇಳಿದ್ರು.”

“ಗೊತ್ತಮ್ಮ. ಆದ್ರೆ ಅವನು ನನ್ನ ತಮ್ಮ.”

ಅವಳ ಕಣ್ಣು ತುಂಬಿತು, ಆದರೂ ವಾದ ಬಿಡಲಿಲ್ಲ. “ಶಿಕ್ಷಕರು ಮಾಡ್ಬಾರ್ದು ಅಂತಿದೆ ಸರ್. ಅತಿಥಿ ಮಾಡ್ಬಾರ್ದು ಅಂತಿಲ್ಲ. ಕೊನೇ ಚಟುವಟಿಕೆ ನೋಡಿ.”

ನೋಡಿದೆ. ‘ಸಮುದಾಯದ ಹಿರಿಯರೊಬ್ಬರ ಸಂದರ್ಶನ. ಅತಿಥಿ ತಮ್ಮ ಮನೆಯ ರೂಢಿಯನ್ನು “ನಾನು, ನಮ್ಮ ಮನೆಯಲ್ಲಿ” ಎಂದು ಹೇಳಬಹುದು, ಇಷ್ಟವಿದ್ದರೆ ತಮ್ಮ ಪ್ರಾರ್ಥನೆಯನ್ನು ಕೇಳಿಸಬಹುದು. ವಿದ್ಯಾರ್ಥಿಗಳು ಕೇಳುತ್ತಾರೆ, ಪಾಲ್ಗೊಳ್ಳಬೇಕಾಗಿಲ್ಲ.’

“ಆದ್ರೆ ಒಬ್ಬರೇ ಶಿಕ್ಷಕರೂ ಅತಿಥಿಯೂ ಆಗೋಕಾಗಲ್ಲ,” ಎಂದರು ಪರಿವೀಕ್ಷಕರು, ನಿಯಮ ಬಿಡದ ಮನುಷ್ಯ.

“ಹಾಗಾದ್ರೆ ನೀವು ಹೊರಗೆ ಹೋಗಿ ಅತಿಥಿಯಾಗಿ ಬನ್ನಿ ಮೇಷ್ಟ್ರೇ. ಇಲ್ಲಿ ನಾನಿರ್ತೀನಿ,” ಎಂದು ಮುಖ್ಯೋಪಾಧ್ಯಾಯಿನಿ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು.

ಹೊರಗೆ ಹೋದೆ. ಬಾಗಿಲು ಮುಚ್ಚಿತು. ಮೊಗಸಾಲೆಯಲ್ಲಿ ಕಾವಲುಗಾರ ಬಂದು, “ಯಾರು ನೀವು? ಮೇಷ್ಟ್ರಾ, ಹೊರಗಿನವರಾ?” ಎಂದ.

“ಸದ್ಯಕ್ಕೆ ಎರಡೂ ಅಲ್ಲಪ್ಪ.”

“ಎರಡೂ ಅಲ್ದಿದ್ರೆ ಇಲ್ಲಿ ನಿಲ್ಲೋಹಾಗಿಲ್ಲ. ಚೀಟಿ ಹಾಕ್ಕೊಳ್ಳಿ,” ಎಂದು ಅತಿಥಿ ಚೀಟಿ ತರಲು ಗೇಟಿಗೆ ಹೋದ.

ಅವನು ಬರುವ ತನಕ ನಾನು ಯಾರೂ ಅಲ್ಲದವನಾಗಿ ಗೋಡೆಗೆ ಒರಗಿ ನಿಂತೆ. ಪಾಠ ಹೇಳುವ ಹೊಣೆಯಿಲ್ಲ, ಯಾರಿಗೂ ಅಣ್ಣನಲ್ಲ. ಡಾಕ್ಟರರ ಮಾತು ಮೀರಿ ಎರಡೂ ಕಣ್ಣುಗಳಿಂದ ಅತ್ತೆ. ಕಾವಲುಗಾರ ಬಂದು, ಏನೂ ಕೇಳದೆ, ಚೀಟಿಯನ್ನು ನನ್ನ ಅಂಗಿಗೆ ಸಿಕ್ಕಿಸಿ ಬಾಗಿಲು ತಟ್ಟಿದ.

ಒಳಗೆ ಮಕ್ಕಳೆಲ್ಲ ಎದ್ದು ನಿಂತಿದ್ದರು. ಅತಿಥಿಯ ಕುರ್ಚಿಯನ್ನು ಚಿತ್ರದ ಪಕ್ಕ ಇಟ್ಟಿದ್ದರು. “ಬನ್ನಿ ಅಜ್ಜ, ಕೂತ್ಕೊಳ್ಳಿ,” ಎಂದಳು ವಕೀಲೆ. ಈವರೆಗೆ ಸರ್ ಎನ್ನುತ್ತಿದ್ದವಳು. “ಹತ್ತಿರದವರು ಹೋದಾಗ ನಿಮ್ಮ ಮನೇಲಿ ಏನು ಮಾಡ್ತಾರೆ?”

“ನಮ್ಮ ಮನೇಲಿ ಹಿರಿಯನು ನಾಲ್ಕು ಜನರ ಎದುರಿಗೆ ಬೇಡ್ಕೊಳ್ತಾನೆ ಮಗು. ಬೇರೆ ಏನೂ ಇಲ್ಲ.”

“ನಾವು ಕೇಳ್ತೀವಿ ಅಜ್ಜ.” ಎಲ್ಲರೂ ಪೆನ್ನು ಕೆಳಗಿಟ್ಟರು. ಪರಿವೀಕ್ಷಕರೂ ಇಟ್ಟರು.

ನಾನು ಕೈ ಮುಗಿದೆ.

ದೇವರೇ, ಇವನು ನನ್ನ ಬೆನ್ನಿಗೆ ಬಿದ್ದವನು, ನನಗಿಂತ ಮುಂದೆ ಬಂದಿದ್ದಾನೆ. ದಾರಿಯಲ್ಲಿ ನಿಲ್ಲಿಸಿ ಯಾರೆಂದು ಕೇಳಬೇಡ, ಒಳಗೆ ಕರೆದುಕೋ. ಪಾಠ ಅರ್ಧಕ್ಕೆ ನಿಂತಿತೆಂಬ ಕಳವಳ ಅವನಿಗೆ ಬೇಡ. ಮಕ್ಕಳು ಮುಗಿಸಿದರೆಂದು ಹೇಳು. ದಣಿದ ಆ ಜೀವಕ್ಕೆ ನಿನ್ನ ಸನ್ನಿಧಿಯಲ್ಲಿ ಜಾಗ ಕೊಡು, ಶಾಂತಿ ಕೊಡು.