ಕ್ಯಾಲ್ಸಿಯಂ ಇಲ್ಲದ ಬಾಟಲಿ

ಶರೀರಕ್ರಿಯಾ ವಿಭಾಗದ ಮುಖ್ಯಸ್ಥರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಮೈಕಾಸುರ. ಎದುರಿಗೆ ಆರು ಜನ ಕೂತಿದ್ದರೂ ಅವರಿಗೆ ಮೈಕು ಬೇಕು. ಮೈಕು ಕೆಟ್ಟ ದಿನ ಅದರ ಕೆಲಸವನ್ನೂ ತಾವೇ ವಹಿಸಿಕೊಂಡು, ಪಕ್ಕದ ಕಟ್ಟಡದವರಿಗೂ ಉಚಿತವಾಗಿ ಪಾಠ ಹೇಳುತ್ತಿದ್ದರು.

ಅವರ ಪ್ರಯೋಗಾಲಯ ನಡೆಯುತ್ತಿದ್ದದ್ದು ಎಲ್ಲರೂ ಲ್ಯಾಬಕ್ಕ ಎಂದು ಕರೆಯುವ ತಂತ್ರಜ್ಞೆಯಿಂದ. ಕಪ್ಪೆಯ ತೊಡೆಯಿಂದ ತೆಳ್ಳನೆಯ ಸ್ನಾಯುವನ್ನು ಅದರ ನರದ ಸಮೇತ, ಒಂದು ಎಳೆಯೂ ಹರಿಯದಂತೆ ಬಿಡಿಸುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಒಂಬತ್ತು ವರ್ಷದಿಂದ ಅವಳು ತಾತ್ಕಾಲಿಕ. ಈ ವಾರ ಅವಳ ಕಾಯಂ ಫೈಲು ಪ್ರಿನ್ಸಿಪಾಲರ ಮೇಜಿಗೆ ಹೋಗುವುದಿತ್ತು. ಅದಕ್ಕೆ ಬೇಕಾದದ್ದು ಮೈಕಾಸುರರ ಎರಡು ಸಾಲು ಮತ್ತು ಒಂದು ಸಹಿ. ಆದ್ದರಿಂದ ಅವಳು ಅವರ ಹಾಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಡಿಯರ್ ಸ್ಟೂಡೆಂಟ್ಸ್, ನಾನು ಹೇಳುವುದೇ ಫಿಸಿಯಾಲಜಿ" ಎಂದು ಹುಡುಗಿಯರನ್ನು ನಗಿಸುವ ತನ್ನ ವಿದ್ಯೆಯನ್ನು ಒಂದು ತಿಂಗಳಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಮೈಕಾಸುರರು ಒಂದು ಚೀಟಿ ಹಿಡಿದು ಬಂದರು. ಸ್ನಾಯುವನ್ನು ಮುಳುಗಿಸಿಡುವ ಉಪ್ಪುದ್ರಾವಣದ ಹೊಸ ಪಾಕ. ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಮೆಗ್ನೀಷಿಯಂ.

"ಸರ್, ಕ್ಯಾಲ್ಸಿಯಂ ಬೇಡ್ವಾ?"

"ಏನಮ್ಮಾ, ಇಷ್ಟು ವರ್ಷ ಇದ್ದೀಯ, ಇಷ್ಟೂ ಗೊತ್ತಿಲ್ವಾ? ಇದೇನು ಹೃದಯಾನಾ, ಹೊರಗಿನ ಕ್ಯಾಲ್ಸಿಯಂಗೆ ಕೈಚಾಚೋಕೆ? ಕೈಕಾಲಿನ ಸ್ನಾಯು. ಕ್ಯಾಲ್ಸಿಯಂನ ತನ್ನೊಳಗಿನ ಚೀಲದಲ್ಲೇ ಇಟ್ಕೊಂಡಿರತ್ತೆ. ವಿದ್ಯುತ್ ಅಲೆ ಸಣ್ಣ ನಳಿಕೆಗಳಲ್ಲಿ ಒಳಗಿಳಿಯತ್ತೆ, ಅಲ್ಲಿರೋ ಪ್ರೋಟೀನು ಅಲುಗತ್ತೆ, ಅಲುಗಿ ಚೀಲದ ಬಾಗಿಲು ತೆಗೆಯತ್ತೆ. ಹೊರಗಿಂದ ಒಂದು ಹನೀನೂ ಬೇಡ. ಮುಂದಿನ ವರ್ಷದ ನನ್ನ ಕೈಪಿಡೀಲಿ ಇದೇ ಬರತ್ತೆ. ಹಳೇ ಬಾಟಲಿ ಚೆಲ್ಲಿಬಿಡು."

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅರ್ಧ ಪಾಠವನ್ನು ಅಷ್ಟು ಸರಿಯಾಗಿ ಕಲಿತವರನ್ನು ತಿದ್ದುವುದು ಬ್ರಹ್ಮನಿಗೂ ಕಷ್ಟ. ಏನೋ ಬಿಟ್ಟುಹೋಗಿದೆ ಎಂದು ಲ್ಯಾಬಕ್ಕನಿಗೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಚೀಟಿಯನ್ನು ಹೊಸ ಬಾಟಲಿಗೆ ಅಂಟಿಸಿದಳು. ಹಳೆಯದನ್ನು ಚೆಲ್ಲಲಿಲ್ಲ, ಸಿಂಕಿನ ಕೆಳಗೆ ಸರಿಸಿದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಹಳೆಯ ದ್ರಾವಣದಲ್ಲೇ, ನರಕ್ಕೆ ಸಣ್ಣ ವಿದ್ಯುತ್ ಮುಟ್ಟಿಸಿ ನೋಡಿದಳು. ಸ್ನಾಯು ಟಪ್ಪೆಂದು ಸೆಳೆಯಿತು. ಪರದೆಯ ಮೇಲಿನ ಗೆರೆ ಚೆಂದದ ಗುಡ್ಡವಾಗಿ ಎದ್ದಿತು. ಹತ್ತಕ್ಕೆ ಅಪ್ಪಣೆಯಂತೆ ಹೊಸ ದ್ರಾವಣ ಸುರಿದು, ಮೂರು ಸಲ ಬದಲಾಯಿಸಿದಳು.

ಹನ್ನೊಂದಕ್ಕೆ ಹೊರಗಿನ ಪರೀಕ್ಷಕಿ ಬಂದರು. ನರೆತ ಕೂದಲು, ದಪ್ಪ ಕನ್ನಡಕ, ಬಾಯಲ್ಲಿ "ಹೌದಾ" ಎಂಬ ಒಂದೇ ಮಾತು. ಮೊದಲ ವಿದ್ಯಾರ್ಥಿನಿ ನರಕ್ಕೆ ವಿದ್ಯುತ್ ಕೊಟ್ಟಳು. ಸ್ನಾಯು ಅಲುಗಲಿಲ್ಲ. ಮತ್ತೆ ಕೊಟ್ಟಳು. ಪರದೆಯ ಗೆರೆ ಬಟಾಬಯಲು.

"ಸತ್ತುಹೋಗಿದೆ!" ಎಂದು ಮೈಕಾಸುರರು ಘೋಷಿಸಿದರು. "ಬಿಡಿಸುವಾಗಲೇ ಹರಿದುಹಾಕಿದ್ದಾಳೆ ಮೇಡಂ. ನಮ್ಮ ಸಿಬ್ಬಂದಿಯ ಮಟ್ಟ ಇದು." ಅಲ್ಲೇ ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದರು: 'ತಾತ್ಕಾಲಿಕ ತಂತ್ರಜ್ಞೆಯ ಅಜಾಗರೂಕತೆಯಿಂದ...' ತಪ್ಪು ಹುಡುಕಲು ಅರ್ಧ ನಿಮಿಷವೂ ಬೇಕಾಗದ ಮನುಷ್ಯನಿಗೆ, ಸರಿ ಎಂದು ಎರಡು ಸಾಲು ಬರೆಯಲು ಒಂಬತ್ತು ವರ್ಷವೂ ಸಾಲದಾಗಿತ್ತು.

ಲ್ಯಾಬಕ್ಕ ಆ ಹಾಳೆಯನ್ನು ನೋಡಿದಳು. ಅದು ಫೈಲಿಗೆ ಸೇರಿದರೆ ಕಾಯಂ ಎನ್ನುವುದು ಮುಗಿದ ಕತೆ. ಆಮೇಲೆ ಸ್ನಾಯುವಿನ ತುದಿಯನ್ನು ಚಿಮಟದಿಂದ ಮೆಲ್ಲಗೆ ಒತ್ತಿದಳು. ಮೆತ್ತಗಿತ್ತು.

"ಮೇಡಂ, ಒಂದು ಮಾತು. ಎಟಿಪಿ ಇಂಧನ ಮುಗಿದು ಸತ್ತಿದ್ರೆ ಇಷ್ಟೊತ್ತಿಗೆ ಸೆಟೆದುಕೊಳ್ಳೋಕೆ ಶುರುವಾಗ್ಬೇಕಿತ್ತು. ಮಯೋಸಿನ್ ತಲೆಗಳು ಆಕ್ಟಿನ್ ಎಳೆ ಹಿಡಿದದ್ದನ್ನ ಬಿಡೋಕೂ ಎಟಿಪಿ ಬೇಕಲ್ವಾ? ಇದು ನೋಡಿ, ಮೆತ್ತಗಿದೆ."

"ಹೌದಾ," ಎಂದರು ಪರೀಕ್ಷಕಿ. ಈ ಸಲದ 'ಹೌದಾ' ಬೇರೆ ಥರ ಇತ್ತು.

"ನೀನು ನಮಗೆ ಪಾಠ ಮಾಡ್ತೀಯೇನಮ್ಮಾ?" ಮೈಕಾಸುರರು ಗುಡುಗಿದರು.

"ಇಲ್ಲ ಸರ್, ನೀವು ಮಾಡಿದ ಪಾಠಾನೇ." ಅವಳು ತಂತಿಯನ್ನು ನರದಿಂದ ತೆಗೆದು ನೇರವಾಗಿ ಸ್ನಾಯುವಿನ ಮೇಲಿಟ್ಟಳು. "ಈಗ ಒತ್ತಮ್ಮಾ."

ವಿದ್ಯಾರ್ಥಿನಿ ಒತ್ತಿದಳು. ಟಪ್! ಪರದೆಯ ಮೇಲೆ ಬೆಳಗಿನದೇ ಗುಡ್ಡ.

ಮೈಕಾಸುರರು ಮಾತಾಡಲಿಲ್ಲ, ಅದು ಆ ವಿಭಾಗದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

"ಸ್ನಾಯು ಬದುಕಿದೆ," ಎಂದು ಪರೀಕ್ಷಕಿ ವಿದ್ಯಾರ್ಥಿನಿಯ ಕಡೆ ತಿರುಗಿದರು. "ಹಾಗಾದ್ರೆ ಸುದ್ದಿ ನಿಂತದ್ದು ಎಲ್ಲಿ? ಮೊದಲಿಂದ ಹೇಳು ನೋಡೋಣ."

ಹುಡುಗಿ ಶುರುಮಾಡಿದಳು. "ನರದಲ್ಲಿ ಅಲೆ ತುದಿಗೆ ಬರತ್ತೆ. ಅಲ್ಲಿ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ಹೋಗತ್ತೆ... ಹೊರಗಿಂದ. ಆಗ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಬಿದ್ದು ಸ್ನಾಯುವಿನ ಮೇಲೆ ಕೂತು ಹೊಸ ಅಲೆ ಎಬ್ಬಿಸತ್ತೆ. ಅದು ನಳಿಕೆಗಳಲ್ಲಿಳಿದು ಒಳಗಿನ ಚೀಲ ತೆಗೆಸತ್ತೆ. ಆ ಕ್ಯಾಲ್ಸಿಯಂ ಟ್ರೊಪೋನಿನ್ ಹಿಡಿದ ಮೇಲೆ ಅಡ್ಡ ಇದ್ದ ಟ್ರೊಪೋಮಯೋಸಿನ್ ಪಕ್ಕಕ್ಕೆ ಸರಿಯತ್ತೆ. ಮಯೋಸಿನ್ ತಲೆ ಆಕ್ಟಿನ್ ಹಿಡಿದು ಎಳೆಯತ್ತೆ. ಹೊಸ ಎಟಿಪಿ ಬಂದ್ರೆ ಬಿಡತ್ತೆ. ಅದು ಒಡೆದು ತಲೆ ಮತ್ತೆ ಸಿದ್ಧ ಆಗತ್ತೆ. ಮತ್ತೆ ಹಿಡಿಯತ್ತೆ."

"ಎಷ್ಟು ಹೊತ್ತು?"

"ಕ್ಯಾಲ್ಸಿಯಂನ ಚೀಲಕ್ಕೆ ವಾಪಸ್ ಎಳ್ಕೊಳ್ಳೋವರೆಗೆ."

"ಭೇಷ್. ಹೊರಗಿನ ಕ್ಯಾಲ್ಸಿಯಂ ಎಲ್ಲಿ ಬೇಕಾಯ್ತು?"

"ನರದ ತುದೀಲಿ..." ಹುಡುಗಿಯ ಕಣ್ಣು ಬಾಟಲಿಯ ಚೀಟಿಯ ಮೇಲೆ ನಿಂತಿತು. ಎಲ್ಲರ ಕಣ್ಣೂ ನಿಂತಿತು. ಮೈಕಾಸುರರ ದುಂಡು ಅಕ್ಷರಗಳು ಮಾತಾಡದೆಯೇ ಕೂಗುತ್ತಿದ್ದವು.

ಲ್ಯಾಬಕ್ಕ ಸಿಂಕಿನ ಕೆಳಗಿಂದ ಹಳೆಯ ಬಾಟಲಿ ತೆಗೆದಳು. ದ್ರಾವಣ ಬದಲಿಸಿದಳು, ಮತ್ತೊಮ್ಮೆ ಬದಲಿಸಿದಳು. ತಂತಿಯನ್ನು ಮತ್ತೆ ನರದ ಮೇಲಿಟ್ಟಳು. ಮೊದಲು ಏನೂ ಇಲ್ಲ. ಕಾಲು ಗಂಟೆಯಾಗುವಷ್ಟರಲ್ಲಿ ಗೆರೆ ಕೊಂಚ ಉಬ್ಬಿತು, ಆಮೇಲೆ ದಿಣ್ಣೆ, ಆಮೇಲೆ ಗುಡ್ಡ.

"ನೋಡಿದ್ರಾ ಮೇಡಂ!" ಮೈಕಾಸುರರಿಗೆ ಧ್ವನಿ ಮರಳಿತು, ಸ್ನಾಯುವಿಗಿಂತ ಜೋರಾಗಿ. "ಇದನ್ನೇ ನಾನು ತೋರಿಸ್ಬೇಕು ಅಂತಿದ್ದೆ. ಬೇಕೂ ಅಂತಲೇ ಕ್ಯಾಲ್ಸಿಯಂ ತೆಗೆಸಿದ್ದು. ನನ್ನದೇ ಐಡಿಯಾ."

"ಹೌದಾ. ಹಾಗಾದ್ರೆ ಅಜಾಗರೂಕತೆ ಯಾರದು?"

ಮೈಕಾಸುರರು ಹಾಳೆಯನ್ನು ಮಡಚಿ ಜೇಬಿಗೆ ಇಳಿಸುವವರಿದ್ದರು. ಪರೀಕ್ಷಕಿ ಕೈ ಚಾಚಿದರು. ಕೊಡುವ ಮೊದಲು ಮೈಕಾಸುರರು ಹಳೆಯ ಸಾಲು ಹೊಡೆದುಹಾಕಿ ಬರೆದರು: 'ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದಿರುವುದು ಕಂಡುಬಂದಿರುತ್ತದೆ.'

"ಕ್ಯಾಲ್ಸಿಯಂ ತಾನಾಗೇ ಎದ್ದುಹೋಯ್ತಾ ಸರ್?" ಎಂದರು ಪರೀಕ್ಷಕಿ. "ಐಡಿಯಾ ನಿಮ್ಮದೇ ಅಂದ್ರಲ್ಲ, ಹೆಸರು ಹಾಕಿಕೊಳ್ಳೋಕೆ ಸಂಕೋಚ ಯಾಕೆ?"

ಮೈಕಾಸುರರು 'ನನ್ನ ಆದೇಶದಂತೆ' ಎಂದು ಸೇರಿಸಿದರು, ಅಷ್ಟು ಚಿಕ್ಕ ಅಕ್ಷರ ಅವರ ಕೈಯಿಂದ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೆಳಗೆ ಪರೀಕ್ಷಕಿ, 'ತಂತ್ರಜ್ಞೆ ಸಿದ್ಧಪಡಿಸಿದ ನರ-ಸ್ನಾಯು ನಿರ್ದೋಷ' ಎಂದು ಬರೆದು, ಪರದೆಯ ಮೂರು ಗೆರೆಗಳ ಪ್ರತಿ ಲಗತ್ತಿಸಿ, ಸಹಿ ಹಾಕಿದರು. "ಇದು ಅವಳ ಫೈಲಿಗೆ ಹೋಗ್ಲಿ. ಪ್ರಿನ್ಸಿಪಾಲರಿಗೆ ನಾನೇ ಕೊಡ್ತೀನಿ."

ಮಧ್ಯಾಹ್ನ ಹುಡುಗಿಯರು ಲ್ಯಾಬಕ್ಕನನ್ನು ಮುತ್ತಿಕೊಂಡರು. "ಅಕ್ಕಾ, ಇವತ್ತಾದ್ರೂ ಅವರ ಹಾಗೆ ಒಂದ್ಸಲ ಮಾಡಿ ತೋರ್ಸಕ್ಕಾ!"

ಅವಳು ಚೀಟಿಯಂಟಿಸಿದ ಬಾಟಲಿಯನ್ನು ಸಿಂಕಿಗೆ ಬಗ್ಗಿಸುತ್ತಿದ್ದಳು.

"ಬೇಡ ಕಣ್ರೇ. ಅಸಲೇ ಇಷ್ಟು ಚೆನ್ನಾಗಿ ಮಾಡಿ ತೋರಿಸಿದ ಮೇಲೆ ನನ್ನ ನಕಲಿಗೆ ಏನು ಬೆಲೆ?"

ಬಾಟಲಿ ಖಾಲಿಯಾಯಿತು. ಚೀಟಿಯನ್ನು ಮಾತ್ರ ಒದ್ದೆಯಾಗದಂತೆ ಮೆಲ್ಲಗೆ, ನರ ಬಿಡಿಸುವಷ್ಟೇ ನಾಜೂಕಾಗಿ, ಬಿಡಿಸಿ ತೆಗೆದಿಟ್ಟುಕೊಂಡಳು.