ಬಿಸಿ ಡಬ್ಬಿಯಲ್ಲಿ ಹಿಂಡಿದ ನಿಂಬೆ

ಮೈದುನ ಚೀಲವನ್ನು ಅಡುಗೆಕಟ್ಟೆಯ ಮೇಲೆ ಸುರಿದ. ನಿಂಬೆಹಣ್ಣು, ಬರೀ ನಿಂಬೆಹಣ್ಣು.

"ಕೋಕಮ್ ಎಲ್ಲಿ? ಆಮ್‌ಚೂರ್?"

"ಹುಳಿ ತಾನೆ ಅತ್ತಿಗೆ? ಇದೂ ಹುಳೀನೇ."

"ನೀರು ತಾ ಅಂದ್ರೆ ಸೀಮೆಎಣ್ಣೆ ತರೋ ಜಾತಿ ನೀನು! ಎರಡೂ ತೆಳ್ಳಗೇ ಇರುತ್ತಲ್ಲ!"

ಅವಳಿಗೆ ಅಳುವಷ್ಟು ಸಿಟ್ಟು ಬಂದಿತ್ತು. ಅವರಿಬ್ಬರೂ ಸೇರಿ ನಡೆಸುವ ಡಬ್ಬಿ ಊಟಕ್ಕೆ ಇಂದು ಪರೀಕ್ಷೆ. ಕಚೇರಿಯ ವ್ಯವಸ್ಥಾಪಕಿ ಮಧ್ಯಾಹ್ನ ರುಚಿ ನೋಡಿ ಒಪ್ಪಿದರೆ ದಿನಾ ಊಟ ಕೊಡುವ ಕೆಲಸ ಅವರದು.

"ಮೀನಿನ ಸಾರು ಕುದೀತಾ ಹುಳಿ ಹೀರ್ಬೇಕು. ನಿಂಬೆ ಕುದ್ರೆ ಘಮ ಹೋಗಿ ಕಹಿ ಆಗುತ್ತೆ. ಕೋಕಮ್, ಅದೇ ಪುನರ್ಪುಳಿ ಸಿಪ್ಪೆ, ಹುಳೀನ ನಿಧಾನಕ್ಕೆ ಬಿಟ್ಕೊಡುತ್ತೆ, ಎಷ್ಟು ಕುದ್ರೂ ಕೆಡಲ್ಲ. ಹುರಿದ ಬೆಂಡೆಕಾಯಿಗೆ ನಿಂಬೆರಸ ಹಾಕಿದ್ರೆ ಮೆತ್ತಗಾಗುತ್ತೆ. ಅದಕ್ಕೆ ಒಣ ಮಾವಿನಕಾಯಿ ಪುಡಿ ಬೇಕು, ಆಮ್‌ಚೂರ್. ಹೋಗು, ಹೋಗು!"

"ಹೋಗ್ತೀನಿ ಮಾರಾಯ್ತಿ, ಹೊಡೀಬೇಡಿ," ಎನ್ನುತ್ತ ಅವನು ಓಡಿದ. ಈ ಸಲ ಸರಿಯಾದದ್ದನ್ನೇ ತಂದ. ಸಿಪ್ಪೆ ಸಾರಿನಲ್ಲಿ ಕುದಿದು ನೇರಳೆಗೆಂಪು ಬಣ್ಣ ಬಿಟ್ಟಿತು. ಆಮ್‌ಚೂರನ್ನು ಬೆಂಡೆಕಾಯಿ ಗರಿಯಾದ ಮೇಲೆ ಉದುರಿಸಿದಳು. ಉಳಿದದ್ದು ಬೇಳೆ ತೊವ್ವೆ.

"ಇದಕ್ಕೂ ಕೋಕಮ್ಮಾ?"

"ಹಳದಿ ಬೇಳೆ ಕಂದುಗೆಂಪಾಗಲಿ ಅಂತಾನಾ? ಇದಕ್ಕೆ ನಿನ್ನ ನಿಂಬೆ. ಒಲೆಯಿಂದ ಇಳಿಸಿದ ಮೇಲೆ."

ಅವಳು ಇಳಿಸಿದಳು, ಅವನು ಹಿಂಡಿದ. ಅವಳು ರುಚಿ ನೋಡಿ ಮೊದಲ ಬಾರಿ ನಕ್ಕಳು. ಬೇಳೆ ಶಾಖ ಆರದಂತೆ ಹಿಡಿದಿಡುವ ಬಿಸಿ ಡಬ್ಬಿಗೆ ಹೋಯಿತು, ಮುಚ್ಚಳ ಬಿಗಿಯಾಯಿತು.

ಕಚೇರಿಯ ಊಟದ ಕೋಣೆಯಲ್ಲಿ ವ್ಯವಸ್ಥಾಪಕಿ ಸಾರಿಗೆ ತಲೆದೂಗಿದರು. ಬೆಂಡೆಕಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಬೇಳೆಯ ಮೊದಲ ತುತ್ತಿಗೇ ಮುಖ ಕಿವುಚಿದರು.

"ಇದೇನಮ್ಮಾ, ಇಷ್ಟು ಕಹಿ?"

ಅವಳೂ ಒಂದು ಚಮಚ ಬಾಯಿಗಿಟ್ಟಳು. ಘಮ ಸತ್ತಿತ್ತು, ನಾಲಿಗೆಯ ಹಿಂಭಾಗದಲ್ಲಿ ಕಹಿ ಕಚ್ಚಿಕೊಂಡಿತ್ತು. ಒಲೆಯಿಂದ ಇಳಿಸಿದ್ದೇನೋ ನಿಜ. ಆದರೆ ಆ ಡಬ್ಬಿಯೊಳಗೆ ಬಿಸಿ ಇಳಿದಿರಲೇ ಇಲ್ಲ. ಮುಚ್ಚಿದ ಮುಚ್ಚಳದಡಿ ನಿಂಬೆ ಬೆಳಗಿನಿಂದ ಬೇಯುತ್ತಲೇ ಇತ್ತು.

"ಬೇಳೆ ದಿನಾ ಬೇಕೇಬೇಕು ನಮಗೆ," ಎಂದರು ವ್ಯವಸ್ಥಾಪಕಿ, ತಟ್ಟೆ ಸರಿಸುತ್ತ. "ಇನ್ನೊಬ್ಬರ ಊಟವನ್ನೂ ನೋಡಿದ್ದೇವೆ. ಕೆಲಸ ಅವರಿಗೇ ಕೊಡ್ತೀವಿ."

ವಾಪಸು ಬರುವಾಗ ಅವಳು ವ್ಯಾನಿನಲ್ಲಿ ಮೈದುನನ ಪಕ್ಕ ಕೂತಳು. ಅವನು ಗೇರ್ ಬದಲಿಸಿದ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ಮತ್ತೆ ಏನು ಹಾಕ್ಬೇಕಿತ್ತು ಅತ್ತಿಗೆ?"

"ನಿಂಬೇನೇ," ಎಂದಳು. "ಹೋಳು ಮಾಡಿ ಪಕ್ಕದಲ್ಲಿಟ್ಟು, ತಟ್ಟೆಗೆ ಬಡಿಸಿದ ಮೇಲೆ ಹಿಂಡ್ಬೇಕಿತ್ತು."

ತಿರುವಿನಲ್ಲಿ ವ್ಯಾನ್ ವಾಲಿತು. ಬೆಳಿಗ್ಗೆ ಅವಳು ಬೈದ ಮೇಲೆ ಮೈದುನ ಮತ್ತೆ ತುಂಬಿ ವ್ಯಾನಿನಲ್ಲಿಟ್ಟಿದ್ದ ಚೀಲದಿಂದ ನಿಂಬೆಹಣ್ಣುಗಳು ಉರುಳಿ ಅವಳ ಕಾಲಿಗೆ ಬಡಿದವು.

"ನಗಬೇಡ," ಎಂದಳು.

"ನಕ್ಕಿಲ್ಲ ಅತ್ತಿಗೆ."