ನಲವತ್ತೆಂಟನೆಯ ಸಾಲು

ಕೆಲಸದ ಜಾಗದಲ್ಲಿ ಎಲ್ಲರೂ ನನ್ನನ್ನು ಭೂತಗನ್ನಡಿ ಅಂತಲೇ ಕರೆಯುತ್ತಾರೆ. ಕರೆಯಲಿ ಬಿಡಿ. ಲಿಫ್ಟ್ ತಯಾರಿಸುವ ಕಂಪನಿಯಲ್ಲಿ ಹದಿನೇಳು ವರ್ಷದಿಂದ ಪರೀಕ್ಷೆ ಮಾಡುವವಳು ಕಂಡವರನ್ನೆಲ್ಲ ನಂಬಿಬಿಟ್ಟರೆ ಅವಳಿಗೆ ಸಂಬಳ ಯಾಕೆ ಕೊಡಬೇಕು?

ಆ ದಿನ ನನ್ನ ಕಣ್ಣು ಬಿದ್ದದ್ದು ಮೌನಿಯ ಮೇಲೆ. ಐದು ತಿಂಗಳ ಹಿಂದೆ ಪ್ರೋಗ್ರಾಂ ಬರೆಯಲು ಸೇರಿದ್ದ ಹುಡುಗ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹತ್ತು ಮಾತು ಕೇಳಿದರೆ ಒಂದು ಹೇಳುವವನು. ಇಷ್ಟು ಕಡಿಮೆ ಮಾತಾಡುವವನು ಏನೋ ಮುಚ್ಚಿಡುತ್ತಿರಬೇಕು ಅಂತ ನನಗೆ ಮೊದಲಿನಿಂದಲೂ ಗುಮಾನಿ.

ಆಸ್ಪತ್ರೆಯೊಂದರ ಲಿಫ್ಟಿನ ನಡವಳಿಕೆಯನ್ನು ನಾವು ಹನ್ನೆರಡು ಸ್ಥಿತಿಗಳ ಯಂತ್ರವಾಗಿ ಕಾಗದದ ಮೇಲೆ ಬರೆದಿದ್ದೆವು. ಮೇಲೆ, ಕೆಳಗೆ, ನಿಲ್ಲು, ಬಾಗಿಲು ಅಂತ ನಾಲ್ಕು ಗುಂಡಿ. ಯಾವ ಸ್ಥಿತಿಯಲ್ಲಿ ಯಾವ ಗುಂಡಿ ಒತ್ತಿದರೆ ಯಾವ ಸ್ಥಿತಿಗೆ ಹೋಗಬೇಕು ಅಂತ ತೋರಿಸಲು ಒಂದೊಂದು ಬಾಣ. ಲಿಫ್ಟ್ ಓಡುವಾಗ ಬಾಗಿಲು ತೆರೆದಿರುವ ಸ್ಥಿತಿ ಮಾತ್ರ ಕೆಂಪು. ಗುಂಡಿಗಳನ್ನು ಒತ್ತುತ್ತಾ ಹೋಗಿ ಕೊನೆಗೆ ಕೆಂಪಿಗೆ ಬಂದು ನಿಂತರೆ, ಯಂತ್ರ ಆ ಒತ್ತುವಿಕೆಯನ್ನು ಒಪ್ಪಿತು ಅಂತ ಲೆಕ್ಕ. ಈ ಚಿತ್ರವನ್ನು ಬಾಣಕ್ಕೊಂದು ಸಾಲಿನಂತೆ ಕಂಪ್ಯೂಟರಿಗೆ ಬರೆದುಕೊಟ್ಟವಳು ನಾನು.

ಮೌನಿ ಎರಡು ಪ್ರೋಗ್ರಾಂ ಮಾಡಿದ್ದ. 'ಈ ಯಂತ್ರ ಈ ಒತ್ತುವಿಕೆಯನ್ನು ಒಪ್ಪುತ್ತದೆಯೇ?' ಅನ್ನುವುದು ಮೊದಲನೆಯದರ ಪ್ರಶ್ನೆ. 'ಈ ಯಂತ್ರ ಯಾವ ಒತ್ತುವಿಕೆಯನ್ನೂ ಒಪ್ಪುವುದೇ ಇಲ್ಲವೇ?' ಅನ್ನುವುದು ಎರಡನೆಯದರದು. ಲಿಫ್ಟ್ ಸುರಕ್ಷಿತವಾಗಿದ್ದರೆ ಮೊದಲನೆಯದು ಸದಾ 'ಇಲ್ಲ' ಅನ್ನಬೇಕು, ಎರಡನೆಯದು 'ಹೌದು' ಅನ್ನಬೇಕು.

ಬೆಳಿಗ್ಗೆ ಮೊದಲನೆಯದಕ್ಕೆ ಎರಡು ಸಾವಿರ ಒತ್ತುವಿಕೆ ಕೊಟ್ಟೆ. ಎರಡು ಸಾವಿರ 'ಇಲ್ಲ' ಬಂತು. ಎರಡನೆಯ ಪ್ರೋಗ್ರಾಂ ಓಡಿಸಿದೆ. ಅದೂ 'ಇಲ್ಲ' ಅಂದಿತು! ಅಂದರೆ ಅಪಾಯ ಎಲ್ಲೋ ಇದೆ ಅಂತಾಯಿತಲ್ಲ? ಬುಡದಲ್ಲೇ ಏನೋ ಹುಳುಕಿದೆ ಅನ್ನಿಸಿತು. ಹನ್ನೆರಡೂ ಸ್ಥಿತಿಗೆ ಕೆಂಪು ಬಳಿದೆ. ಈಗ ಏನು ಒತ್ತಿದರೂ ಯಂತ್ರ ಒಪ್ಪಲೇಬೇಕು. ಮೊದಲನೆಯ ಪ್ರೋಗ್ರಾಂ ಮತ್ತೆ 'ಇಲ್ಲ' ಅಂದಿತು.

ಸಿಕ್ಕಿಬಿದ್ದ ಕಳ್ಳ! ಏನು ಕೇಳಿದರೂ 'ಇಲ್ಲ' ಅನ್ನು ಅಂತ ಒಳಗೆ ಬರೆದಿಟ್ಟು ಕೈತೊಳೆದುಕೊಂಡಿದ್ದಾನೆ. ಸೀದಾ ಯಜಮಾನರ ಕೋಣೆಗೆ ಹೋಗಿ ಹೇಳಿಬಿಟ್ಟೆ. "ಐದು ಗಂಟೆಯೊಳಗೆ ಸರಿಯಾದ ಉತ್ತರ ಕೊಡ್ಲಿ. ಇಲ್ಲಾಂದ್ರೆ ನಾಳೆಯಿಂದ ಅವನು ಬರೋದೇ ಬೇಡ" ಅಂದರು ಅವರು.

ಮೌನಿಗೆ ವಿಷಯ ತಿಳಿಸಿದೆ. ಅವನು ನನ್ನ ಫೈಲು ತೆರೆದು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಅಕ್ಕಾ, ಎಷ್ಟು ಸಾಲಿರ್ಬೇಕು ಇದ್ರಲ್ಲಿ?"

"ಹನ್ನೆರಡು ಸ್ಥಿತಿ, ನಾಲ್ಕು ಗುಂಡಿ. ನಲವತ್ತೆಂಟು. ಅಷ್ಟೂ ಗೊತ್ತಿಲ್ವಾ ನಂಗೆ?"

"ಒಂದ್ಸಲ ಎಣಿಸ್ತೀರಾ?"

ಎಣಿಸಿದೆ. ನಲವತ್ತೇಳು. ಪುನಃ ಎಣಿಸಿದೆ, ಬೆರಳಿಟ್ಟು. ನಲವತ್ತೇಳೇ. ಒಂಬತ್ತನೆಯ ಸ್ಥಿತಿಯಲ್ಲಿ 'ನಿಲ್ಲು' ಒತ್ತಿದರೆ ಎಲ್ಲಿಗೆ ಹೋಗಬೇಕು ಅನ್ನುವ ಸಾಲೇ ಇರಲಿಲ್ಲ. ಅಯ್ಯೋ ದೇವರೇ, ಆ ಸಾಲು ಬರೆಯುವ ಹೊತ್ತಿಗೇ ಅಲ್ಲವೇ ನಮ್ಮತ್ತೆ ಫೋನ್ ಮಾಡಿ ಬೀರುವಿನ ಕೀ ಎಲ್ಲಿ ಅಂತ ಕೇಳಿದ್ದು!

"ಒಂದು ಸಾಲು ಬಿಟ್ರೂ ಅದು ಯಂತ್ರ ಆಗಲ್ಲ ಅಕ್ಕಾ, ಬರೀ ಅಕ್ಷರ" ಅಂದ. "ಯಂತ್ರವೇ ಅಲ್ದಿದ್ಮೇಲೆ, ಅದು ಇದನ್ನ ಒಪ್ಪುತ್ತಾ ಅಂದ್ರೂ ಇಲ್ಲ. ಏನನ್ನೂ ಒಪ್ಪದ ಯಂತ್ರಾನಾ ಅಂದ್ರೂ ಇಲ್ಲ. ಎಷ್ಟು ಕೆಂಪು ಬಳಿದ್ರೂ ಇಲ್ಲವೇ."

ಐದು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಸಾಲು ಸೇರಿಸಿ, ಎಲ್ಲಕ್ಕೂ ಕೆಂಪು ಬಳಿದು ಮೊದಲನೆಯ ಪ್ರೋಗ್ರಾಂ ಓಡಿಸಿದೆ. 'ಹೌದು' ಅಂದಿತು. ಬಣ್ಣ ಮೊದಲಿನಂತೆ ಮಾಡಿ ಓಡಿಸಿದೆ. ಮತ್ತೆ ಎರಡು ಸಾವಿರ 'ಇಲ್ಲ'. ಬೆಳಗಿನ ಉತ್ತರಗಳ ಹಾಳೆಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ. ಎರಡನೆಯ ಪ್ರೋಗ್ರಾಂ ಮಾತ್ರ ಈಗ 'ಹೌದು' ಅಂದಿತು. ಹುಟ್ಟುಗುಣ ಬಿಡುತ್ತದೆಯೇ? ಪೆನ್ಸಿಲ್ ತೆಗೆದುಕೊಂಡೆ. ಆರಂಭದ ಸ್ಥಿತಿಗೆ ಗುರುತು ಹಾಕಿದೆ, ಅಲ್ಲಿಂದ ಬಾಣ ಹೋದಲ್ಲೆಲ್ಲ ಗುರುತು ಹಾಕಿದೆ, ಹೊಸದೊಂದೂ ಸಿಗದ ತನಕ ಬಿಡಲಿಲ್ಲ. ಹನ್ನೊಂದು ಸ್ಥಿತಿಗಳಿಗೆ ಗುರುತು ಬಿತ್ತು. ಕೆಂಪಿಗೆ ಬೀಳಲಿಲ್ಲ. ಒತ್ತುವಿಕೆಗಳಿಗೆ ಕೊನೆಯಿಲ್ಲದಿದ್ದರೂ ಸ್ಥಿತಿಗಳು ಹನ್ನೆರಡೇ. ಲಿಫ್ಟ್ ಸುರಕ್ಷಿತವಾಗಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಸರಿಯಾದ ಉತ್ತರ ಹಿಡಿದು ಇಬ್ಬರೂ ಯಜಮಾನರ ಮುಂದೆ ನಿಂತೆವು.

"ತಪ್ಪು ಯಾರದ್ದು?" ಅಂದರು.

"ನಂದೇ ಸಾರ್" ಅಂದ ಮೌನಿ. "ಬರಹ ಅರ್ಧಂಬರ್ಧ ಇದ್ರೆ ಹಾಗಂತ ಪ್ರೋಗ್ರಾಂ ಹೇಳ್ಬೇಕಿತ್ತು. ನಾನು ಅದನ್ನ ಸೇರಿಸಿರ್ಲಿಲ್ಲ."

ಯಜಮಾನರು ಪೆನ್ನಿನ ಮುಚ್ಚಳ ತೆಗೆದರು. ನಾನು ಬಾಯಿ ಬಿಡದಿದ್ದರೆ ಅವನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಬಾಯಿ ಬಿಡಬಾರದು ಅಂತಲೂ ಅನ್ನಿಸಿತು.

"ಸಾಲು ಬಿಟ್ಟವಳು ನಾನು ಸಾರ್" ಅಂದೆ. "ಬಿಟ್ಟು, ಇವನ ಮೇಲೆ ಚಾಡಿ ಹೇಳಿದವಳೂ ನಾನೇ."

ಅವರು ಇಬ್ಬರನ್ನೂ ನೋಡಿ, ಪೆನ್ನು ಮುಚ್ಚಿ, "ಹೋಗಿ, ಕೆಲಸ ನೋಡಿ" ಅಂದರು.

ಹೊರಗೆ ಬಂದು ಅವನ ಹತ್ತಿರ ಕ್ಷಮೆ ಕೇಳಿದೆ. ಮೌನಿ ತಲೆಯಾಡಿಸಿದ. ಎರಡು ಹೆಜ್ಜೆ ಮುಂದೆ ಹೋದವನು ತಿರುಗಿ ನಿಂತ.

"ಇನ್ಮೇಲೆ ನೀವು ಬರ್ದಿದ್ದನ್ನ ನಾನು ಎಣಿಸಿ ನೋಡ್ತೀನಿ ಅಕ್ಕಾ."

ಎಣಿಸಪ್ಪಾ ಅಂದೆ. ಅವನು ನಗಲಿಲ್ಲ. ಅಂದಿನಿಂದ ನಾನು ಕೊಟ್ಟ ಪ್ರತಿಯೊಂದು ಹಾಳೆಯನ್ನೂ ಅವನು ಬೆರಳಿಟ್ಟು ಎಣಿಸುತ್ತಾನೆ, ನನ್ನ ಎದುರಿಗೇ.